ಹಳೆಯ ಎಣ್ಣೆಯ ವಾಸನೆ

ಮನೆ ಬಿಟ್ಟು ಹೋಗುವ ಸಾಮಾನಾದರೂ ತೊಳೆದು ಒರೆಸಿಕೊಂಡೇ ಹೋಗಬೇಕು ಅನ್ನುವುದು ಅಡುಗೆಯವನ ಹೆಂಡತಿಯ ಹಟ. ಶುಕ್ರವಾರ ಬೆಳಿಗ್ಗೆ ಅಂಗಡಿಯವನು ಬಂದು ಹಳೆಯ ಹೊಲಿಗೆ ಮಿಷನ್ ಎತ್ತಿಕೊಂಡು ಹೋಗಿ, ಅದರ ಜಾಗದಲ್ಲಿ ಹೊಸದನ್ನು ಇಟ್ಟು ಹೋಗುವುದೆಂದು ಮಾತಾಗಿತ್ತು. ಗುರುವಾರ ಅಡುಗೆಯವನ ವಾರದ ರಜೆ. ಅವತ್ತು ಅವನು ಕಾಫಿ ಲೋಟ ಕೆಳಗಿಡುವ ಮೊದಲೇ ಹೆಂಡತಿ ಹಳೆಯ ಬನಿಯನ್ನಿನ ಚೂರು, ಒಂದು ಸ್ಕ್ರೂಡ್ರೈವರ್, ಬಣ್ಣ ಬಳಿಯುವ ಸಣ್ಣ ಬ್ರಷ್ಷು ಎಲ್ಲವನ್ನೂ ಎಡಗೈಯಲ್ಲೇ ತಂದು ಅವನ ಮುಂದೆ ಸುರಿದಳು.

ಅವಳ ಬಲಗೈಯ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ ಮೂರು ವಾರವಾಗಿತ್ತು. ಬಚ್ಚಲಲ್ಲಿ ಜಾರಿ ಕೈಯೂರಿದ್ದೇ ನೆಪ. ಇನ್ನೂ ಮೂರು ವಾರ ಆ ಕೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ತೂಗಬೇಕು.

"ನಾಳೆ ಹೋಗೋ ಮಿಷನ್ನಿಗೆ ಇವತ್ತು ಸ್ನಾನ ಯಾಕೇ? ಅಂಗಡಿಯವನು ಹೇಗೂ ಬಿಚ್ಚಿ ಹಾಕ್ತಾನೆ."

"ಬಿಚ್ಚಿದಾಗ ಏನನ್ಕೋತಾನೆ? ಇಷ್ಟು ಗಲೀಜು ಹೆಂಗಸಾ ಅನ್ಕೊಳ್ಳಲ್ವಾ? ನನ್ನ ಕೈ ನೆಟ್ಟಗಿದ್ದಿದ್ರೆ ನಿಮ್ಮನ್ನ ಕೇಳ್ತಿದ್ನಾ?"

ಅಲ್ಲಿಗೆ ಮಾತು ಮುಗಿಯಿತು. ಅಡುಗೆಯವನು ಲುಂಗಿ ಎತ್ತಿಕಟ್ಟಿ ಕುಳಿತ. ಹುಡುಗರ ಹಾಸ್ಟೆಲ್ಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಣಲೆ ಮುಂದೆ ನಿಂತವನು. ಅಲ್ಲಿನ ಹುಡುಗರು ಅವನನ್ನು ಸೌಟಣ್ಣ ಅನ್ನುತ್ತಿದ್ದರು. ಇನ್ನೂರು ಜನಕ್ಕೆ ಅನ್ನ ಬಡಿಸುವ ಕೈ ಅದು. ಆದರೆ ಮನೆಯ ಮಿಷನ್ನಿಗೂ ಅವನಿಗೂ ಇದ್ದದ್ದು ದೂರದ ನೆಂಟಸ್ತಿಕೆ. ಅದು ಹೆಂಡತಿಯ ತವರಿನಿಂದ ಬಂದದ್ದು. ಅತ್ತೆ ಬದುಕಿದ್ದಾಗ ಅದರಲ್ಲೇ ತಮ್ಮ ಇಬ್ಬರು ಹೆಣ್ಣುಮಕ್ಕಳ ಲಂಗ, ಫ್ರಾಕು ಎಲ್ಲ ಹೊಲಿದಿದ್ದರು. ದೊಡ್ಡವಳಾದ ಇವನ ಹೆಂಡತಿ ಹೊಲಿಗೆ ಕಲಿತಳೆಂದು ಅವಳ ಪಾಲಿಗೆ ಬಂತು. ಕಿಟಕಿಯ ಪಕ್ಕ ಕುಳಿತು ಅವಳು ದಿಂಬಿನ ಚೀಲ, ಶಾಲೆ ಮಕ್ಕಳ ಅಂಗಿ, ಪರದೆ ಎಂದು ಹೊಲಿಯುತ್ತಲೇ ಬಂದಳು. ಎಂಟು ತಿಂಗಳ ಹಿಂದೆ ಅದು ನಿಂತಿತು. ಮೊದಲು ಕಾಲಿಗೆ ಭಾರವಾಯಿತು, ಆಮೇಲೆ ಗೊಣಗಲು ಶುರುಮಾಡಿತು, ಕೊನೆಗೊಂದು ದಿನ ಚಕ್ರ ತಿರುಗಲೇ ಇಲ್ಲ.

ನಿಂತದ್ದು ಮಿಷನ್ ಒಂದೇ ಅಲ್ಲ. ತಂಗಿ ಬರುವುದೂ ನಿಂತಿತ್ತು.

ತಂಗಿ, ಅಂದರೆ ಅಡುಗೆಯವನ ನಾದಿನಿ, ಎರಡು ಬೀದಿ ಆಚೆಗಿನ ಶಿಶುವಿಹಾರದಲ್ಲಿ ಆಯಾ. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಜಾಗ. ಮಧ್ಯಾಹ್ನ ಮಕ್ಕಳನ್ನು ಮಲಗಿಸುವುದರಲ್ಲಿ ಅವಳ ಮುಂದೆ ಯಾರೂ ಇಲ್ಲ ಎಂದು ಅಲ್ಲಿ ಎಲ್ಲರೂ ಅವಳನ್ನು ಜೋಜೋ ಅಕ್ಕ ಅನ್ನುತ್ತಿದ್ದರು. ಹೋದ ವರ್ಷ ಅಕ್ಕ ತನ್ನ ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಬೇರೆ ಊರಿಗೆ ಹೋಗಿದ್ದಾಗ, ತಂಗಿ ಸಂಜೆ ಹೊತ್ತು ಬಂದು ಇದೇ ಮಿಷನ್ನಿನಲ್ಲಿ ಶಿಶುವಿಹಾರದ ಪರದೆಗಳನ್ನು ಹೊಲಿದುಕೊಂಡಿದ್ದಳು. ದಪ್ಪ ಹಸಿರು ಬಟ್ಟೆ. ಅಕ್ಕ ವಾಪಸು ಬಂದ ಎರಡು ತಿಂಗಳಿಗೆ ಮಿಷನ್ ಕೆಟ್ಟಿತು. ಪರದೆ ಹೊಲಿದೇ ಕೆಡಿಸಿದ್ದು ಎಂದು ಅಕ್ಕ ತೀರ್ಮಾನಿಸಿದಳು. ತೀರ್ಮಾನವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳದೆ ಅಕ್ಕಪಕ್ಕದವರು ಬಾಗಿಲಲ್ಲಿ ನಿಂತಿದ್ದಾಗಲೇ ಹೇಳಿಬಿಟ್ಟಳು: "ನಿನ್ನ ಕೈಗೆ ಏನು ಕೊಟ್ರೂ ಅಷ್ಟೇ. ಅಮ್ಮನ ಮಿಷನ್ನನ್ನೂ ಮುಗಿಸಿದೆ." ತಂಗಿ ಒಂದು ಮಾತೂ ತಿರುಗಿ ಆಡದೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ಅಡುಗೆಯವನು ಆಗ ಹಾಸ್ಟೆಲ್ಲಿನಲ್ಲಿದ್ದ. ಸಂಜೆ ಬಂದು ಕೇಳಿ, ದಪ್ಪ ಬಟ್ಟೆಗೆ ಪಾಪ ಮಿಷನ್ ಸೋತಿರಬೇಕು ಎಂದುಕೊಂಡು ಸುಮ್ಮನಾದ. ಅಕ್ಕತಂಗಿಯರ ಮಧ್ಯೆ ಮೂಗು ತೂರಿಸುವುದು ಅವನಿಗೆ ಆಗಿಬರದ ಕೆಲಸ.

"ಮೊದ್ಲು ಬೆಲ್ಟ್ ಕಳಚಿ," ಎಂದಳು ಹೆಂಡತಿ ಸ್ಟೂಲಿನ ಮೇಲೆ ಕುಳಿತು. "ಕಾಲು ತಗುಲಿ ತಿರುಗಿದ್ರೆ ಬೆರಳು ಹೋಗುತ್ತೆ. ಸೂಜಿ ಬಿಚ್ಚಿ. ಬಟ್ಟೆ ಒತ್ತೋ ಪಾದಾನೂ ಬಿಚ್ಚಿ. ಸ್ಕ್ರೂ ಎಲ್ಲಾ ಈ ತಟ್ಟೆಗೆ."

ಅವನು ಒಂದೊಂದಾಗಿ ಬಿಚ್ಚಿದ. ಸೂಜಿಯ ಕೆಳಗಿನ ತಗಡಿನ ಎರಡು ಸ್ಕ್ರೂ ಸುಲಭಕ್ಕೆ ಬಗ್ಗಲಿಲ್ಲ. ನಾಲಗೆ ಕಚ್ಚಿಕೊಂಡು ತಿರುಗಿಸಿದ ಮೇಲೆ ತಗಡು ಮೇಲೆದ್ದಿತು. ಕೆಳಗೆ ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಹಲ್ಲುಗಳು ಇರಬೇಕಿತ್ತು. ಕಂಡದ್ದು ಬೂದು ಬಣ್ಣದ ಕಂಬಳಿಯ ತುಂಡು.

"ಇದೇನೇ, ಇಲಿ ಗೂಡು ಕಟ್ಟಿದೆ!"

"ಇಲೀನೂ ಇಲ್ಲ, ಗಿಲೀನೂ ಇಲ್ಲ. ಬಟ್ಟೆಯ ಜುಂಗು ಅದು. ಹೊಲಿದಷ್ಟೂ ಉದುರುತ್ತೆ, ಎಣ್ಣೆ ಕುಡಿದು ಗಟ್ಟಿಯಾಗುತ್ತೆ." ಅವಳ ದನಿ ಸ್ವಲ್ಪ ತಗ್ಗಿತು. "ನಾನು ಪ್ರತಿ ಶನಿವಾರ ತೆಗೀತಿದ್ದೆ. ಬಾಣಂತನ ಮುಗಿಸಿ ಬಂದ ಮೇಲೆ ಅದು ತಪ್ಪಿಹೋಯ್ತು, ಮಿಷನ್ ನಿಂತ ಮೇಲಂತೂ ಸಿಟ್ಟಿಗೆ ಮುಟ್ಟಲೇ ಇಲ್ಲ."

ಅವನು ಬಾಯಿ ಉಬ್ಬಿಸಿ ಊದಲು ಹೋದ.

"ಊದಬೇಡ್ರೀ! ಊದಿದ್ರೆ ಇನ್ನೂ ಒಳಕ್ಕೆ ಹೋಗಿ ಕೂರುತ್ತೆ. ಬಾಯಿ ಹಸಿ ತಗುಲಿ ತುಕ್ಕು ಬೇರೆ. ಬ್ರಷ್ಷಲ್ಲಿ ನಿಮ್ಮ ಕಡೆಗೆ ಎಳ್ಕೊಳ್ಳಿ. ಹಲ್ಲಿನ ಸಂದಿಗೆ ಆ ಕಡ್ಡಿ ಹಾಕಿ."

ಹಲ್ಲು ಚುಚ್ಚುವ ಮರದ ಕಡ್ಡಿಯಿಂದ ಅವನು ಮೆಲ್ಲಗೆ ಕೆದಕಿದ. ಜುಂಗು ಪುಡಿಪುಡಿಯಾಗದೆ ಹೆಪ್ಪಿನ ಹಾಗೆ ಒಟ್ಟಿಗೇ ಎದ್ದುಬಂತು. ಅಡ್ಡಲಾಗಿ ನೋಡಿದರೆ ಪದರ ಪದರ. ಮೇಲೊಂದು ಬಿಳಿ, ಅದರ ಕೆಳಗೆ ನೀಲಿ, ಅದರ ಕೆಳಗೆ ಹಸಿರು.

"ತೋರ್ಸಿ," ಎಂದು ಹೆಂಡತಿ ಮುಂದಕ್ಕೆ ಬಾಗಿದಳು. "ಬಿಳಿ ನಾನು ಕೊನೇಲಿ ಹೊಲಿದ ದಿಂಬಿನ ಚೀಲ. ನೀಲಿ ಎದುರು ಮನೆ ಮಗೂದು ಶಾಲೆ ಅಂಗಿ. ಹಸಿರು..." ಎಂದವಳು ಮುಂದೆ ಹೇಳಲಿಲ್ಲ. ಹಸಿರು ಯಾರದೆಂದು ಹೇಳಬೇಕಾಗಿಯೂ ಇರಲಿಲ್ಲ.

ಕೆಳಗಿನ ದಾರದ ಉರುಳೆ ಇಡುವ ಬಾಬಿನ್ ಡಬ್ಬಿ ಹೊರಗೆ ತೆಗೆದದ್ದಾಯಿತು. ಅದರ ಹಿಂದೆ, ಮೇಲಿನ ದಾರವನ್ನು ಕೆಳಗಿನದಕ್ಕೆ ಸಿಕ್ಕಿಸುವ ಶಟಲ್ಲನ್ನು ಹಿಡಿದಿಟ್ಟ ಎರಡು ಸಣ್ಣ ಕೊಂಡಿಗಳನ್ನು ಅವಳು ಹೇಳಿದ ಹಾಗೆ ಪಕ್ಕಕ್ಕೆ ತಿರುಗಿಸಿದ. ಉಂಗುರ ಕೈಗೆ ಬಂತು, ಅದರ ಹಿಂದೆ ಅರ್ಧ ಚಂದ್ರನಂಥ ಶಟಲ್ ಬಂತು. ಅದು ಆಡುವ ದಾರಿಯ ಅಂಚಿನಲ್ಲಿ ಗೇಣುದ್ದದ ಹಸಿರು ದಾರ ಸುತ್ತಿಕೊಂಡಿತ್ತು. ಚಿಮಟದಲ್ಲಿ ಹಿಡಿದು ಎಳೆದ.

ಹೆಂಡತಿಯ ಕಣ್ಣು ಹೊಳೆಯಿತು. "ನೋಡಿ! ನಾನು ಹೇಳಿರ್ಲಿಲ್ವಾ? ಅವಳ ದಾರಾನೇ ಸಿಕ್ಕಾಕೊಂಡು ಮಿಷನ್ ಹಾಳಾಗಿದ್ದು!"

ಗೆದ್ದ ದನಿ ಅದು. ಆದರೂ ಗೆದ್ದ ಖುಷಿ ಮುಖದಲ್ಲಿ ಇರಲಿಲ್ಲ ಎಂದು ಅಡುಗೆಯವನಿಗೆ ಅನ್ನಿಸಿತು. ಅವನು ದಾರವನ್ನು ತಟ್ಟೆಗೆ ಹಾಕಿ ಚಕ್ರ ತಿರುಗಿಸಿ ನೋಡಿದ. ಶಟಲ್ಲೇ ಇಲ್ಲ, ದಾರವೂ ಇಲ್ಲ, ಆದರೂ ಚಕ್ರ ಬಂಡೆಯ ಹಾಗೆ ಕೂತಿತ್ತು.

"ದಾರ ತೆಗೆದ್ರೂ ತಿರುಗ್ತಿಲ್ವಲ್ಲೇ."

ಅವಳು ಹುಬ್ಬು ಗಂಟಿಕ್ಕಿದಳು. "ಹೌದಾ? ಹಾಗಾದ್ರೆ... ಬೇರೆ ಎಲ್ಲೋ ಹಿಡ್ಕೊಂಡಿದೆ. ತಲೆ ಹಿಂದಕ್ಕೆ ಮಲಗ್ಸಿ. ಎಡಗಡೆ ಮುಖದ ತಗಡೂ ಬಿಚ್ಚಿ."

ಮಿಷನ್ನಿನ ತಲೆಯನ್ನು ಕೀಲಿನ ಮೇಲೆ ಹಿಂದಕ್ಕೆ ಒರಗಿಸಿದಾಗ ಹೊಟ್ಟೆಯ ಕೆಳಗಿನದೆಲ್ಲ ಬೆಳಕಿಗೆ ಬಂತು. ಸರಳುಗಳು, ತೋಳುಗಳು, ಒಂದಕ್ಕೊಂದು ಜೋಡಿಸಿದ ಗೆಣ್ಣುಗಳು. ಪ್ರತಿ ಗೆಣ್ಣಿನ ಸುತ್ತಲೂ ಕಂದು ಬಣ್ಣದ ಅಂಟು, ಹಳೆಯ ಬೆಲ್ಲದ ಪಾಕ ಒಣಗಿದ ಹಾಗೆ. ಮುಖದ ತಗಡಿನ ಹಿಂದೆ ಸೂಜಿ ಏರಿಳಿಯುವ ಸರಳಿನ ಮೇಲೂ ಅದೇ.

"ಇದು ಹಳೇ ಎಣ್ಣೆ. ಇದನ್ನ ತೆಗೀದೆ ಮೇಲೆ ಹೊಸದು ಬಿಟ್ರೆ ಪ್ರಯೋಜನ ಇಲ್ಲ, ಅಂಟಿನ ಮೇಲೆ ಅಂಟು ಆಗುತ್ತೆ. ಸೀಮೆಎಣ್ಣೆ ಬೇಕು. ಮೇಲಿನ ಗೂಡಲ್ಲಿ ಹಳೇ ಬಾಟಲಿ ಇದೆ. ಒಲೆ ಆರಿಸಿ, ಕಿಟಕಿ ತೆಗೀರಿ."

ಒಲೆಯ ವಿಷಯದಲ್ಲಿ ಅಡುಗೆಯವನಿಗೆ ಪಾಠ ಬೇಕಿರಲಿಲ್ಲ. ಸಿಲಿಂಡರಿನ ಗುಂಡಿಯನ್ನೇ ತಿರುಗಿಸಿ ಬಂದ. ಮಿಷನ್ನಿನ ಮೇಲೂ ಕೆಳಗೂ ಇರುವ ಎಣ್ಣೆ ತೂತುಗಳಿಗೆ, ಗೆಣ್ಣುಗಳಿಗೆ, ಕಡ್ಡಿಯ ತುದಿಯಿಂದ ಎರಡೆರಡು ಹನಿ ಸೀಮೆಎಣ್ಣೆ ಬಿಟ್ಟ. ಬಣ್ಣದ ಮೇಲೆ ಬಿದ್ದರೆ ಕೂಡಲೇ ಒರೆಸಬೇಕು ಎಂದು ಅವಳು ಎಚ್ಚರಿಸುತ್ತಲೇ ಇದ್ದಳು. ಹತ್ತು ನಿಮಿಷ ಬಿಟ್ಟು ಚಕ್ರವನ್ನು ಹಿಡಿದ. "ಜೋರು ಮಾಡ್ಬೇಡಿ, ಹಿಂದಕ್ಕೆ ಮುಂದಕ್ಕೆ ಬರೀ ಅಲ್ಲಾಡ್ಸಿ" ಎಂದಳು. ಅಲ್ಲಾಡಿಸಿದ. ಮೊದಲು ಕೂದಲೆಳೆಯಷ್ಟು. ಆಮೇಲೆ ಬೆರಳಗಲ. ಮತ್ತೆರಡು ಹನಿ. ಅರ್ಧ ಗಂಟೆ ಕಳೆದ ಮೇಲೆ ಗೆಣ್ಣೊಂದರಿಂದ ಕಂದು ರಸ ಜಿನುಗಿ ಇಳಿಯಿತು. ಅವನು ಬನಿಯನ್ ಚೂರಿನಲ್ಲಿ ಒರೆಸಿಕೊಂಡ. ಅಭ್ಯಾಸಬಲ, ಕೈಗೆ ಬಂದದ್ದನ್ನು ಮೂಗಿನ ಹತ್ತಿರ ಹಿಡಿದ.

ಸೀಮೆಎಣ್ಣೆಯ ಘಾಟಿನ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು.

ಎಡಗೈಯ ಉಗುರಿನಿಂದ ಇನ್ನೂ ಸೀಮೆಎಣ್ಣೆ ತಾಗದ ಒಂದು ಗೆಣ್ಣಿನ ಅಂಟನ್ನು ಕೆರೆದು ಮೂಸಿದ. ಕಮಟು. ಈ ವಾಸನೆಯನ್ನು ಅವನು ನಿದ್ದೆಯಲ್ಲೂ ಗುರುತು ಹಿಡಿಯಬಲ್ಲ. ಹಾಸ್ಟೆಲ್ಲಿನ ದೊಡ್ಡ ಬಾಣಲೆಯ ಅಂಚಿನಲ್ಲಿ ಕಟ್ಟುವ ಅಂಟು, ಎಣ್ಣೆ ಡಬ್ಬದ ಮುಚ್ಚಳದ ಸುತ್ತ ಹಳದಿಯಾಗಿ ಬಲಿಯುವ ಅಂಟು. ಸೋಡಾ ಹಾಕಿ ಉಜ್ಜಿ ಉಜ್ಜಿ ಬೆರಳು ಸವೆಸಿಕೊಂಡ ಅಂಟು. ಇದು ಮಿಷನ್ ಎಣ್ಣೆಯ ವಾಸನೆಯಲ್ಲ, ಅಡುಗೆ ಎಣ್ಣೆಯದು.

"ಏನೋ ಮುಗ್ಗಲು ನಾತ," ಎಂದಳು ಹೆಂಡತಿ. "ಅವಳು ಅದೇನು ಸುರಿದಿದ್ದಳೋ. ಮಿಷನ್ ಭಾರವಾದಾಗಲೇ ಕೇಳಿದ್ದೆ, ಎಣ್ಣೆ ಡಬ್ಬಿ ಮುಟ್ಟೇ ಇಲ್ಲ ಅಂದಿದ್ಲು."

ಅಡುಗೆಯವನ ಕೈ ಅಲ್ಲೇ ನಿಂತಿತು. ಹೆಂಡತಿ ಬಾಣಂತನ ಮುಗಿಸಿ ವಾಪಸು ಬರುವ ಹಿಂದಿನ ದಿನ ಅವನ ಕಣ್ಣಮುಂದೆ ಬಂದು ಕುಳಿತಿತು. ಮೂರು ತಿಂಗಳ ಮೇಲೆ ಬರುತ್ತಾಳೆಂದು ಮನೆಯೆಲ್ಲ ಗುಡಿಸಿ, ಕಿಟಕಿ ಒರೆಸಿ, ಇನ್ನೇನು ಮಾಡಲಿ ಎಂದು ಸುತ್ತ ನೋಡಿದಾಗ ಕಂಡದ್ದು ಮಿಷನ್. ಪಕ್ಕದಲ್ಲಿ ಉದ್ದ ಮೂಗಿನ ತಗಡಿನ ಎಣ್ಣೆ ಡಬ್ಬಿ. ಅಲ್ಲಾಡಿಸಿದ, ಖಾಲಿ. ಎಣ್ಣೆ ಎಣ್ಣೆಯೇ ತಾನೇ ಎಂದು ಅಡುಗೆಮನೆಯ ಬಾಟಲಿಯಿಂದ ಡಬ್ಬಿಯ ಕುತ್ತಿಗೆಯವರೆಗೆ ತುಂಬಿಸಿದ. ಕಂಡ ಕಂಡ ತೂತಿಗೆಲ್ಲ ಕೈತುಂಬಾ ಬಿಟ್ಟ. ಚಕ್ರ ತಿರುಗಿಸಿ ನೋಡಿದರೆ ಬೆಣ್ಣೆಯ ಹಾಗೆ ಓಡಿತ್ತು. ಹೆಂಡತಿ ಬಂದು "ಪರವಾಗಿಲ್ವೇ, ಮಿಷನ್ ಹಗುರವಾಗಿದೆ" ಎಂದಾಗ ಒಳಗೊಳಗೇ ಹಿಗ್ಗಿ, ಹೇಳದೆ ಉಳಿದಿದ್ದ. ಆಮೇಲೆ ಹಾಸ್ಟೆಲ್ಲಿನ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದ.

ಮೂರು ತಿಂಗಳು ಪರದೆ ಹೊಲಿದು ಹೋದವಳು ನಾದಿನಿ, ಎಣ್ಣೆ ಬಿಟ್ಟವನು ಇವನು. ಬೈಗುಳ ತಿಂದವಳು ಮಾತ್ರ ಅವಳು.

"ಏನ್ರೀ, ಮೂಸ್ತಾ ಕೂತ್ಬಿಟ್ರಿ? ಒರೆಸಿ. ಇನ್ನೊಂದು ಸುತ್ತು ಸೀಮೆಎಣ್ಣೆ ಬಿಟ್ಟು ಎರಡು ಗಂಟೆ ನೆನೆಯೋಕೆ ಬಿಡಿ. ಅಲ್ಲಿವರೆಗೆ ಎಣ್ಣೆ ಡಬ್ಬಿ ತಂದಿಟ್ಕೊಳ್ಳಿ. ತಳದಲ್ಲಿ ಇನ್ನೂ ಸ್ವಲ್ಪ ಇರ್ಬೇಕು."

ಅವನು ಡಬ್ಬಿಯನ್ನು ಹಿಡಿದುಕೊಂಡು ಅಡುಗೆಮನೆಗೆ ನಡೆದ. ಮೂಗಿನ ತುದಿ ಅಂಟಿನಿಂದ ಮುಚ್ಚಿಹೋಗಿತ್ತು. ಮುಚ್ಚಳ ತಿರುಗಿಸಿದ ಕೂಡಲೇ ಅದೇ ಕಮಟು ಮೂಗಿಗೆ ರಪ್ಪೆಂದು ಬಡಿಯಿತು. ಸಂಶಯಕ್ಕೆ ಜಾಗವೇ ಇಲ್ಲ.

"ಡಬ್ಬಿ ಖಾಲಿ ಕಣೇ," ಎಂದು ಅಲ್ಲಿಂದಲೇ ಕೂಗಿದ. "ಹೊಸದು ತರ್ತೀನಿ." ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಬಿದ್ದ.

ಬೀದಿಯಲ್ಲಿ ಬಿಸಿಲು ಏರಿತ್ತು. ಗುಂಡಿ, ದಾರ, ಜಿಪ್ಪು ಮಾರುವ ಅಂಗಡಿಯಲ್ಲಿ ಮಿಷನ್ ಎಣ್ಣೆಯ ಸಣ್ಣ ಬಾಟಲಿ ಕೇಳಿದ. ನೀರಿನ ಹಾಗೆ ತಿಳಿ, ವಾಸನೆಯೂ ಇಲ್ಲ. ಇಷ್ಟೇ ನೋಡು, ಎಂದು ತನಗೆ ತಾನೇ ಹೇಳಿಕೊಂಡ. ಹಳೆಯ ಡಬ್ಬಿಯನ್ನು ಕಸದ ತೊಟ್ಟಿಗೆ ಎಸೆದು, ಹೊಸ ಎಣ್ಣೆ ಬಿಟ್ಟುಬಿಟ್ಟರೆ ಕಥೆ ಮುಗಿಯಿತು. ನಾಳೆ ಮಿಷನ್ನೇ ಹೋಗುತ್ತದೆ. ಯಾರು ಕೇಳುತ್ತಾರೆ?

ತೊಟ್ಟಿಯ ಪಕ್ಕಕ್ಕೂ ಹೋದ. ಚೀಲಕ್ಕೆ ಕೈ ಹಾಕಿದ. ಎದುರಿಗೇ ಶಿಶುವಿಹಾರದ ಕಿಟಕಿ. ಹಸಿರು ಪರದೆ ಬಿಸಿಲಿಗೆ ಸ್ವಲ್ಪ ಮಾಸಿತ್ತು. ಅಂಚಿನ ಹೊಲಿಗೆ ಮಾತ್ರ ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಒಳಗಿನಿಂದ ಮಕ್ಕಳ ಗಲಾಟೆ, ಅದರ ಮಧ್ಯೆ ನಾದಿನಿಯ ದನಿ: "ಯಾರು ಮೊದಲು ಕೈ ತೊಳೀತಾರೋ ಅವರು ನನ್ನ ಪಕ್ಕ!" ಎಂಟು ತಿಂಗಳಲ್ಲಿ ಅವನು ಆ ದನಿ ಕೇಳಿದ್ದು ಇದೇ ಮೊದಲು. ಈ ಬೀದಿಯನ್ನು ಬಿಟ್ಟು ಸುತ್ತು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ, ಎದುರಿಗೆ ಸಿಕ್ಕರೆ ಏನು ಮಾತಾಡುವುದೆಂದು. ತಪ್ಪು ತನ್ನದೆಂದು ಗೊತ್ತಿಲ್ಲದಾಗಲೇ ಹೀಗೆ ತಲೆಮರೆಸಿಕೊಂಡವನು, ಗೊತ್ತಾದ ಮೇಲೆ ಹೇಗೆ ತಿರುಗಾಡುತ್ತಾನೆ?

ಡಬ್ಬಿಯನ್ನು ಎಸೆಯದೆ ಮನೆಗೆ ಬಂದ.

ಹೆಂಡತಿ ಎಡಗೈಯಲ್ಲೇ ತಗಡು ಒರೆಸುತ್ತಿದ್ದಳು. ಅವನು ಡಬ್ಬಿಯನ್ನು ಅವಳ ಮುಂದೆ ಇಟ್ಟು, ಮುಚ್ಚಳ ತೆಗೆದ.

"ಮೂಸು."

"ಖಾಲಿ ಅಂದ್ರಿ?"

"ಸುಳ್ಳು ಹೇಳ್ದೆ. ಮೂಸು ಒಂದ್ಸಲ."

ಅವಳು ಮೂಸಿದಳು. ಮೂಗು ಮುರಿದಳು. ಅವನ ಮುಖ ನೋಡಿದಳು.

"ನೀನು ಮಗಳ ಮನೆಯಿಂದ ಬರೋ ಹಿಂದಿನ ದಿನ ನಾನೇ ತುಂಬಿಸಿದ್ದು. ಅಡುಗೆ ಎಣ್ಣೆ. ಮಿಷನ್ನಿಗೂ ನಾನೇ ಬಿಟ್ಟೆ. ಬಂದಾಗ ಹಗುರವಾಗಿರ್ಲಿ ಅಂತ." "ಅವಳು ಏನೂ ಮಾಡಿಲ್ಲ ಕಣೇ. ಅಂಟಾಗಿದ್ದು ನನ್ನಿಂದ."

ಹೆಂಡತಿ ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಚೆನ್ನಾಗಿತ್ತು. ಅವಳು ಡಬ್ಬಿಯನ್ನು ಎಡಗೈಯಲ್ಲಿ ಎತ್ತಿ ತಿರುಗಿಸಿ ನೋಡಿದಳು. "ಮಿಷನ್ ಬಿಗಿಯಾಗ್ತಾ ಬಂದಾಗ ನಾನು ಏನು ಮಾಡ್ದೆ ಗೊತ್ತಾ?" ಎಂದಳು. "ಇದೇ ಡಬ್ಬಿಯಿಂದ ದಿನಾ ಎಣ್ಣೆ ಬಿಟ್ಟೆ. ಬಿಗಿಯಾದಷ್ಟೂ ಬಿಟ್ಟೆ. ನೀವು ಒಂದ್ಸಲ ಬಿಟ್ರಿ, ನಾನು ಎರಡು ತಿಂಗಳು ಬಿಟ್ಟಿದೀನಿ. ಅಷ್ಟು ವರ್ಷ ಹೊಲಿದವಳು, ಕೈಗೆ ಹಚ್ಕೊಂಡು ನೋಡಿದ್ರೆ ಗೊತ್ತಾಗ್ತಿತ್ತು. ನೋಡ್ಲಿಲ್ಲ. ಅವಳ ಮೇಲೆ ಹಾಕೋದು ಸುಲಭ ಆಗಿತ್ತು."

"ನಾನು ಮೊದ್ಲೇ ಹೇಳಿದ್ರೆ..."

"ಹೇಳ್ಬೇಕಿತ್ತು." ಎದ್ದಳು. "ಚಪ್ಪಲಿ ಹಾಕ್ಕೊಳ್ಳಿ."

"ಈಗಲೇ? ಊಟ?"

"ಊಟ ಎಲ್ಲಿಗೂ ಓಡಿಹೋಗಲ್ಲ."

ಶಿಶುವಿಹಾರಕ್ಕೆ ಹೋದಾಗ ಮಕ್ಕಳು ಮಲಗುವ ಹೊತ್ತು. ನೆಲದುದ್ದಕ್ಕೂ ಚಾಪೆ, ಚಾಪೆಯ ಮೇಲೆ ಇಪ್ಪತ್ತು ಮಕ್ಕಳು. ಕೆಲವು ಅಂಗಾತ, ಕೆಲವು ಒಂದರ ಮೇಲೊಂದು ಕಾಲು ಹಾಕಿಕೊಂಡು. ನಡುವೆ ನಾದಿನಿ ಕುಳಿತು ಒಂದು ಮಗುವಿನ ಬೆನ್ನು ತಟ್ಟುತ್ತಿದ್ದಳು. ಬಾಗಿಲಲ್ಲಿ ಅಕ್ಕನನ್ನು ಕಂಡು ಕೈ ನಿಂತಿತು. ಮಗು ಮುಲುಗಿತು. ಕೈ ಮತ್ತೆ ತಟ್ಟಲು ಶುರುಮಾಡಿತು.

"ಕೈಗೇನಾಯ್ತು?" ಅವಳು ಕೇಳಿದ್ದು ಬರೀ ಉಸಿರಿನಲ್ಲಿ.

"ಬಚ್ಚಲಲ್ಲಿ ಜಾರಿದೆ."

"ಯಾವಾಗ?"

"ಮೂರು ವಾರ ಆಯ್ತು."

"ಯಾರೂ ಹೇಳ್ಲಿಲ್ಲ." ತಟ್ಟುವ ಕೈ ಸ್ವಲ್ಪ ಜೋರಾಯಿತು. "ನನಗೆ ಯಾಕೆ ಹೇಳ್ತೀರಿ."

ಅಕ್ಕ ಚಾಪೆಯ ಅಂಚಿನಲ್ಲಿ, ಎರಡು ಮಕ್ಕಳ ಕಾಲುಗಳ ನಡುವೆ ಸಿಕ್ಕಷ್ಟು ಜಾಗದಲ್ಲಿ ಕುಕ್ಕರಿಸಿದಳು. ಅಡುಗೆಯವನು ಹೊಸ್ತಿಲಲ್ಲೇ ನಿಂತ. ದನಿ ಎತ್ತುವ ಹಾಗಿಲ್ಲ. ಆದ್ದರಿಂದ ಎಂಟು ತಿಂಗಳ ಜಗಳವೆಲ್ಲ ಅಲ್ಲಿ ಪಿಸುಮಾತಿನಲ್ಲೇ ನಡೆಯಬೇಕಾಯಿತು.

"ಮಿಷನ್ ಕೆಡಿಸಿದ್ದು ನೀನಲ್ಲ."

"ಅದು ನನಗೆ ಗೊತ್ತು."

"ನನಗೆ ಇವತ್ತು ಗೊತ್ತಾಯ್ತು. ನಿಮ್ಮ ಭಾವ ಡಬ್ಬಿಗೆ ಅಡುಗೆ ಎಣ್ಣೆ ತುಂಬಿಸಿಟ್ಟಿದ್ರು. ನಾನು ಅದನ್ನೇ ಬಿಟ್ಟು ಬಿಟ್ಟು ಅಂಟು ಮಾಡ್ದೆ."

ನಾದಿನಿ ತಲೆ ಎತ್ತಿ ಹೊಸ್ತಿಲ ಕಡೆ ನೋಡಿದಳು. ಅಡುಗೆಯವನು ಕಿವಿ ಹಿಡಿದುಕೊಂಡ. ಆ ವಯಸ್ಸಿನ ಗಂಡಸು, ತಲೆಯಲ್ಲಿ ಪೂರ್ತಿ ನರೆ, ಮಕ್ಕಳ ಚಪ್ಪಲಿಗಳ ಮಧ್ಯೆ ಕಿವಿ ಹಿಡಿದು ನಿಂತದ್ದು ನೋಡಿ ಅವಳ ತುಟಿ ನಡುಗಿತು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

"ಭಾವ," ಎಂದಳು ಅದೇ ಉಸಿರುದನಿಯಲ್ಲಿ, "ನೀವು ಅಡುಗೆಯವರು ಅಂತ ಮಿಷನ್ನಿಗೂ ಒಗ್ಗರಣೆ ಹಾಕ್ಬಿಡೋದಾ?"

ಅಕ್ಕನಿಗೆ ನಗು ಉಕ್ಕಿತು. ಬಾಯಿಗೆ ಪ್ಲಾಸ್ಟರಿನ ಕೈಯನ್ನೇ ಒತ್ತಿಕೊಂಡಳು. ಆದರೆ ತಂಗಿ ನಗಲಿಲ್ಲ. ಮಗುವಿನ ಬೆನ್ನಿನ ಮೇಲೆ ಕೈ ಇಟ್ಟುಕೊಂಡೇ ಹೇಳಿದಳು: "ಮಿಷನ್ ವಿಷಯ ಬಿಡು ಅಕ್ಕ. ಕಬ್ಬಿಣ ಅದು, ಕೆಡುತ್ತೆ. ನನ್ನ ಕೈಗೆ ಏನು ಕೊಟ್ರೂ ಅಷ್ಟೇ ಅಂದ್ಯಲ್ಲ. ಎಲ್ಲರ ಎದುರಿಗೆ. ಚಿಕ್ಕವಳಿದ್ದಾಗ ಲೋಟ ಒಡೆದಾಗ ಹಾಗಂದಿದ್ದು ಬೇರೆ. ಈಗ ಇಪ್ಪತ್ತು ಮಕ್ಕಳನ್ನ ಇದೇ ಕೈಗೆ ಕೊಟ್ಟು ಹೋಗ್ತಾರೆ ಜನ. ಅವತ್ತು ಬಾಗಿಲಲ್ಲಿ ನಿಂತಿದ್ದವಳ ಮಗೂನೂ ಇಲ್ಲೇ ಇತ್ತು. ಮರುದಿನದಿಂದ ಕರ್ಕೊಂಡು ಬರ್ಲಿಲ್ಲ ಅವಳು."

ಅಕ್ಕನ ನಗು ಇಳಿದುಹೋಯಿತು. ಇದು ಅವಳಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಮಲಗಿದ್ದ ಮಗು ಹೊರಳಿ ಅವಳ ಮಡಿಲಿಗೆ ತಲೆ ಇಟ್ಟಿತು. ಅವಳು ಎಡಗೈಯಿಂದ ಅದರ ಕೂದಲು ಸರಿಸಿದಳು.

"ಅವಳ ಮನೆಗೆ ಇವತ್ತೇ ಹೋಗ್ತೀನಿ," ಎಂದಳು ಕೊನೆಗೆ. "ನಾನು ಅಂದಿದ್ದು ಸುಳ್ಳು ಅಂತ ಹೇಳ್ತೀನಿ. ಅವತ್ತು ಯಾರ್ಯಾರು ನಿಂತಿದ್ರೋ ಎಲ್ಲರಿಗೂ ಹೇಳ್ತೀನಿ. ನೀನು ನನ್ನ ಜೊತೆ ಮಾತಾಡ್ಬೇಕು ಅಂತ ಅಲ್ಲ. ಹೇಳ್ಬೇಕು, ಹೇಳ್ತೀನಿ."

ತಂಗಿ ಕಣ್ಣು ಒರೆಸಿಕೊಂಡಳು. ಮಗುವಿನ ಬೆನ್ನು ತಟ್ಟುವುದನ್ನು ಮಾತ್ರ ಬಿಡಲಿಲ್ಲ.

"ಮಿಷನ್ ಈಗ ಎಲ್ಲಿದೆ?" ಎಂದು ಕೇಳಿದಳು.

"ಬಿಚ್ಚಿ ಹಾಕಿದೆ. ನೆನೀತಿದೆ. ನಾಳೆ ಅಂಗಡಿಯವನು ತಗೊಂಡು ಹೋಗ್ತಾನೆ, ಬದಲಿಗೆ ಹೊಸದು..."

"ಏನು? ಅಮ್ಮನ ಮಿಷನ್ನಾ?" ದನಿ ಒಂದು ಕ್ಷಣ ಮೇಲೆದ್ದಿತು. ಮೂರು ಮಕ್ಕಳು ಕಣ್ಣು ಬಿಟ್ಟರು. ಇಬ್ಬರೂ ಒಟ್ಟಿಗೇ "ಶ್ಶ್" ಎಂದು ಎರಡೂ ಕಡೆಯಿಂದ ತಟ್ಟಲು ತೊಡಗಿದರು.

ಅಲ್ಲಿಂದ ಅಕ್ಕ ನೇರವಾಗಿ ಆ ಹೆಂಗಸಿನ ಮನೆಗೆ ಹೋದಳು. ಗಂಡನನ್ನು ಗೇಟಿನ ಹೊರಗೇ ನಿಲ್ಲಿಸಿದಳು. ಕಾಲು ಗಂಟೆಯ ಮೇಲೆ ಹೊರಬಂದವಳ ಮುಖ ಕೆಂಪಾಗಿತ್ತು. ಅವತ್ತು ಬಾಗಿಲಲ್ಲಿ ನಿಂತಿದ್ದ ಉಳಿದಿಬ್ಬರ ಮನೆಗಳಿಗೂ ಹಾಗೆಯೇ ಹೋಗಿ ಬಂದಳು.

ಸಂಜೆ ಐದೂವರೆಗೆ ನಾದಿನಿ ಬಂದಳು. ಒಳಗೆ ಬಂದವಳು ಯಾರ ಮುಖವನ್ನೂ ನೋಡದೆ ನೇರ ಮಿಷನ್ನಿನ ಹತ್ತಿರ ಹೋಗಿ, ಚಕ್ರದ ಮೇಲೆ ಬೆರಳಿಟ್ಟು ತಿರುಗಿಸಿದಳು. ಚಕ್ರ ಪೂರ್ತಿ ಒಂದು ಸುತ್ತು ತಿರುಗಿತು.

"ತಿರುಗ್ತಿದೆ!"

"ಇನ್ನೂ ಹೊಲಸು ಇದೆ ಒಳಗೆ," ಎಂದಳು ಅಕ್ಕ. "ಒರೆಸ್ಬೇಕು."

ಮೂವರೂ ಸುತ್ತ ಕುಳಿತರು. ಅಡುಗೆಯವನು ಹನಿ ಬಿಡುವುದು, ನಾದಿನಿ ಚಕ್ರ ತಿರುಗಿಸುವುದು, ಕಂದು ರಸ ಜಿನುಗಿದಲ್ಲೆಲ್ಲ ಅಕ್ಕ ಎಡಗೈಯಲ್ಲಿ ಒರೆಸುವುದು. ನಾಲ್ಕನೆಯ ಸುತ್ತಿಗೆ ಬಟ್ಟೆಗೆ ಬರುವ ಕಲೆ ತಿಳಿಯಾಯಿತು. ಸೂಜಿ ಸರಳು ಬೆಳ್ಳಗೆ ಹೊಳೆಯಿತು. ಶಟಲ್ಲಿನ ದಾರಿಯನ್ನು ನಾದಿನಿಯೇ ಬಟ್ಟೆ ಸುತ್ತಿದ ಕಡ್ಡಿಯಿಂದ ಉಜ್ಜಿದಳು. ಸೀಮೆಎಣ್ಣೆಯ ಪಸೆ ಪೂರ್ತಿ ಆರುವವರೆಗೂ ಅಕ್ಕ ಹೊಸ ಎಣ್ಣೆಯ ಬಾಟಲಿಯನ್ನು ಮಡಿಲಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದಳು, ಗಂಡ ಮತ್ತೆ ಅವಸರ ಮಾಡಿಯಾನು ಎಂಬ ಹಾಗೆ. ಅಷ್ಟರಲ್ಲಿ ಅವನು ಊಟ ಬಡಿಸಿದ. ಮಧ್ಯಾಹ್ನದ ಊಟ ಸಂಜೆಗೆ ಬಂದಿತ್ತು.

ಆಮೇಲೆ ತೂತಿಗೊಂದು ಹನಿ, ಗೆಣ್ಣಿಗೊಂದು ಹನಿ, ಶಟಲ್ಲಿನ ದಾರಿಗೊಂದು ಹನಿ. "ಸಾಕು, ಸಾಕು. ಇದೇನು ನಿಮ್ಮ ಬಾಣಲೆಯಲ್ಲ," ಎಂದಳು ಹೆಂಡತಿ. ಶಟಲ್, ಉಂಗುರ, ತಗಡು, ಪಾದ, ಹೊಸ ಸೂಜಿ ಎಲ್ಲ ಮತ್ತೆ ಜಾಗಕ್ಕೆ ಬಂದವು. ಬೆಲ್ಟ್ ಏರಿತು. ದಾರ ಹಾಕದೆಯೇ ಹಳೆಯ ಬಟ್ಟೆಯ ಚೂರೊಂದನ್ನು ಪಾದದ ಕೆಳಗಿಟ್ಟು ನಾದಿನಿ ಕಾಲು ಹಾಕಿದಳು. ಮೊದಲು ಬಟ್ಟೆಯ ಮೇಲೆ ಎಣ್ಣೆಯ ಚುಕ್ಕೆಗಳ ಸಾಲು ಬಿತ್ತು. ಎರಡನೆಯ ಸಾಲಿಗೆ ಚುಕ್ಕೆ ಮಸುಕಾಯಿತು. ಐದನೆಯದಕ್ಕೆ ಬರೀ ಸೂಜಿಯ ತೂತು. ಮಿಷನ್ ಓಡುವ ಸದ್ದು ಕೋಣೆಯ ತುಂಬ ಹರಡಿತು, ಒಂದೇ ಸಮ, ಗೊಣಗಾಟವಿಲ್ಲದೆ. ಅಡುಗೆಯವನು ಫೋನು ತೆಗೆದು ಅಂಗಡಿಯವನಿಗೆ ನಾಳೆ ಬರುವುದು ಬೇಡವೆಂದು ಹೇಳಿದ. ಯಾರನ್ನೂ ಕೇಳಲಿಲ್ಲ, ಯಾರೂ ಬೇಡ ಅನ್ನಲಿಲ್ಲ.

"ಹೊಸ ಮಿಷನ್ ಬರುತ್ತೆ ಅಂತ ಒಪ್ಪಿಕೊಂಡ ಎರಡು ಮನೆಯ ದಿಂಬಿನ ಚೀಲ ಹಾಗೇ ಬಿದ್ದಿದೆ," ಎಂದಳು ಅಕ್ಕ ಮೆಲ್ಲಗೆ. "ನನ್ನ ಕೈ ಸರಿಹೋಗೋಕೆ ಇನ್ನೂ ಮೂರು ವಾರ."

ತಂಗಿ ಕಾಲು ನಿಲ್ಲಿಸಿದಳು. "ಮನಸ್ಸು ಪೂರ್ತಿ ತಿಳಿಯಾಗಿದೆ ಅಂತ ಅನ್ಕೋಬೇಡ ಅಕ್ಕ. ನನಗೆ ಇನ್ನೂ ಸ್ವಲ್ಪ ದಿನ ಬೇಕು."

"ಎಷ್ಟು ಬೇಕೋ ಅಷ್ಟು ತಗೋ."

"ದಿನಾ ಸಂಜೆ ಆರಕ್ಕೆ ಬರ್ತೀನಿ. ಒಂದು ಗಂಟೆ ಹೊಲೀತೀನಿ. ಪಕ್ಕದಲ್ಲಿ ಕೂತು ಅಲ್ಲಿ ಹೋಯ್ತು, ಇಲ್ಲಿ ಸೊಟ್ಟ ಆಯ್ತು ಅನ್ನೋ ಹಾಗಿಲ್ಲ."

"ಅನ್ನಲ್ಲ."

"ಅಂತೀಯ."

"ಸರಿ, ಮನಸ್ಸಲ್ಲೇ ಅಂದ್ಕೋತೀನಿ."

ತಂಗಿ ಬಾಬಿನ್ನಿಗೆ ಬಿಳಿ ದಾರ ಸುತ್ತಿಕೊಂಡಳು. ಮೊದಲ ದಿಂಬಿನ ಚೀಲದ ಅಂಚು ಮಡಿಸಿ, ಪಾದ ಇಳಿಸಿದಳು. ಅಕ್ಕ ಸ್ಟೂಲನ್ನು ಅರ್ಧ ಗೇಣು ಹಿಂದಕ್ಕೆ ಸರಿಸಿಕೊಂಡು, ತುಟಿ ಬಿಗಿಹಿಡಿದು ಕುಳಿತಳು. ಅಡುಗೆಯವನು ಕೊಳಕಾದ ಬನಿಯನ್ ಚೂರುಗಳನ್ನೂ ಹಳೆಯ ಡಬ್ಬಿಯನ್ನೂ ಒಟ್ಟುಮಾಡಿಕೊಂಡು ಹಿತ್ತಲಿಗೆ ಹೋದ. ಸೀಮೆಎಣ್ಣೆ ಕುಡಿದ ಬಟ್ಟೆಗಳನ್ನು ಒಲೆಯಿಂದ ದೂರ, ಗಾಳಿಗೆ ಆರಲೆಂದು ಗೋಡೆಯ ಮೇಲೆ ಒಂದೊಂದಾಗಿ ಹರಡಿದ.